ಡಿಸ್ಲೆಕ್ಸಿಯಾವೇ, ಕಲಿಸಿದ್ದರ ದೋಷವೇ, ಮನಸ್ಸಿಲ್ಲದಿರುವುದೇ: ಮನಶ್ಶಾಸ್ತ್ರಜ್ಞರು ಬೇರ್ಪಡಿಸುವ ಬಗೆ

ಮಗು ನಾಲ್ಕನೇ ತರಗತಿಗೆ ಬಂದಿದ್ದರೂ ಪಾಠದ ಒಂದು ಸಾಲನ್ನು ತಡವರಿಸದೆ ಓದಲಾರದು. ಇದು ಡಿಸ್ಲೆಕ್ಸಿಯಾವೇ, ಶಾಲೆಯಲ್ಲಿ ಸರಿಯಾಗಿ ಕಲಿಸದ ಫಲವೇ, ಅಥವಾ ಮಗುವಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಪೋಷಕರೂ ಶಿಕ್ಷಕರೂ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮೂರಕ್ಕೂ ಮೇಲುನೋಟದ ಲಕ್ಷಣ ಒಂದೇ ಆಗಿರುವುದರಿಂದ ಗೊಂದಲ ಸಹಜವಾದದ್ದು. ರಕ್ತಪರೀಕ್ಷೆಯಿಂದಾಗಲಿ, ಮೆದುಳಿನ ಸ್ಕ್ಯಾನ್‌ನಿಂದಾಗಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಮನಶ್ಶಾಸ್ತ್ರಜ್ಞರು ಬೇರೆ ಬೇರೆ ಮೂಲಗಳಿಂದ ಪುರಾವೆಗಳನ್ನು ಕೂಡಿಸಿ, ಒಂದೊಂದೇ ಸಾಧ್ಯತೆಯನ್ನು ಪಕ್ಕಕ್ಕಿಡುತ್ತ ತೀರ್ಮಾನಕ್ಕೆ ಬರುತ್ತಾರೆ. ಆ ದಾರಿಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ನಮ್ಮಲ್ಲಿ ಅತಿ ಹೆಚ್ಚಾಗಿ ಕಾಣಸಿಗುವ, ಅತಿ ಹೆಚ್ಚು ತಪ್ಪು ತೀರ್ಮಾನಕ್ಕೆ ಗುರಿಯಾಗುವ ಸನ್ನಿವೇಶವನ್ನೇ ಆರಿಸಿಕೊಂಡಿದ್ದೇನೆ: ಮನೆಯಲ್ಲಿ ಕನ್ನಡ ಮಾತಾಡುವ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ, ಮೂರರಿಂದ ಐದನೇ ತರಗತಿಯ ಮಗು.

ಮೊದಲು ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಡಿಸ್ಲೆಕ್ಸಿಯಾ ಎಂದರೆ ಬರಹದಲ್ಲಿರುವ ಪದವನ್ನು ಬಿಡಿಸಿ ಓದುವ, ಕೇಳಿದ ಪದವನ್ನು ಸರಿಯಾಗಿ ಬರೆಯುವ ಕೌಶಲದಲ್ಲಿ ಹುಟ್ಟಿನಿಂದಲೇ ಬಂದಿರುವ, ದೀರ್ಘಕಾಲ ಉಳಿಯುವ ತೊಡಕು. ಬುದ್ಧಿಯ ಕೊರತೆ ಅದರ ಕಾರಣವಲ್ಲ. ಬಹುತೇಕ ಮಕ್ಕಳಲ್ಲಿ ಇದರ ಬೇರು ಇರುವುದು ಮಾತಿನೊಳಗಿನ ಧ್ವನಿಗಳನ್ನು ಮನಸ್ಸಿನಲ್ಲಿ ಬಿಡಿಸಿ, ಹಿಡಿದಿಟ್ಟು, ಅಕ್ಷರಕ್ಕೆ ಜೋಡಿಸುವ ಕೆಲಸದಲ್ಲಿ. ಕಣ್ಣಿನ ದೋಷದಿಂದ ಅದು ಬರುವುದಿಲ್ಲ. ಅಮೆರಿಕನ್ ಮನೋವೈದ್ಯಕೀಯ ಸಂಘದ ಡಿಎಸ್‌ಎಂ-5 ಕೈಪಿಡಿ ಇದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎಂಬ ವರ್ಗದಲ್ಲಿಟ್ಟಿದೆ. ಆ ಕೈಪಿಡಿಯ ಎರಡು ಷರತ್ತುಗಳನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಹಂತಗಳೆಲ್ಲ ಅವುಗಳ ಮೇಲೆಯೇ ನಿಂತಿವೆ. ತೊಡಕಿಗೆಂದೇ ವಿಶೇಷವಾಗಿ ಕಲಿಸಿದ ಮೇಲೂ ಅದು ಕನಿಷ್ಠ 6 ತಿಂಗಳು ಉಳಿದಿರಬೇಕು ಎಂಬುದು ಒಂದು. ದೃಷ್ಟಿ ಮತ್ತು ಶ್ರವಣ ದೋಷ, ಬೌದ್ಧಿಕ ನ್ಯೂನತೆ, ಕಲಿಸುವ ಭಾಷೆ ಬಾರದಿರುವುದು, ಸಾಕಷ್ಟು ಬೋಧನೆ ಸಿಗದಿರುವುದು, ಇವುಗಳಲ್ಲಿ ಯಾವುದೂ ಅದಕ್ಕೆ ಹೆಚ್ಚು ಸೂಕ್ತವಾದ ವಿವರಣೆ ಆಗಿರಬಾರದು ಎಂಬುದು ಇನ್ನೊಂದು.

ಹೋಗುವ ಮುನ್ನ ಹೊಂದಿಸಿಕೊಳ್ಳಬೇಕಾದದ್ದು

ಮಗುವಿನ ಕಳೆದ ಎರಡು ವರ್ಷಗಳ ನೋಟ್‌ಪುಸ್ತಕಗಳು, ಅಂಕಪಟ್ಟಿಗಳು ಮತ್ತು ಹಾಜರಾತಿಯ ವಿವರವನ್ನು ತೆಗೆದಿರಿಸಿಕೊಳ್ಳಿ. ನೋಟ್‌ಪುಸ್ತಕಗಳಲ್ಲಿ ಬೋರ್ಡಿನಿಂದ ನಕಲು ಮಾಡಿದ ಪುಟಗಳಿಗಿಂತ ಉಕ್ತಲೇಖನದ ಪುಟಗಳು ಹೆಚ್ಚು ಉಪಯುಕ್ತ. ನಕಲು ಮಾಡುವುದಕ್ಕೆ ಓದಲು ಬರಲೇಬೇಕೆಂದಿಲ್ಲ. ಮುತ್ತಿನಂಥ ಅಕ್ಷರದಲ್ಲಿ ಇಡೀ ಪಾಠವನ್ನು ಇಳಿಸಿದ ಮಗು ಅದರ ಒಂದು ಸಾಲನ್ನೂ ಓದಲಾರದೆ ನಿಲ್ಲುವುದುಂಟು. ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದಾರೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ಕನ್ನಡದಲ್ಲಿಯೂ ಓದಿಸಿ ನೋಡುತ್ತೀರಾ ಎಂಬುದು ನೀವು ಮೊದಲೇ ಕೇಳಬೇಕಾದ ಇನ್ನೊಂದು ಪ್ರಶ್ನೆ. ಅದು ಏಕೆ ಇಷ್ಟು ಮುಖ್ಯ ಎಂಬುದು ನಾಲ್ಕನೇ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಕಣ್ಣು, ಕಿವಿ ಮತ್ತು ಬುದ್ಧಿಶಕ್ತಿ

ಕಣ್ಣಿನ ಪರೀಕ್ಷೆ ಮತ್ತು ಆಡಿಯೋಗ್ರಾಂ, ಅಂದರೆ ಯಾವ ಯಾವ ಧ್ವನಿಯನ್ನು ಮಗು ಎಷ್ಟು ಮೆಲ್ಲಗಿದ್ದಾಗ ಕೇಳಿಸಿಕೊಳ್ಳುತ್ತದೆ ಎಂದು ಅಳೆಯುವ ಶ್ರವಣ ಪರೀಕ್ಷೆ, ಎಲ್ಲಕ್ಕಿಂತ ಮೊದಲು ಆಗಬೇಕು. ಪದೇ ಪದೇ ಕಿವಿ ಸೋರುತ್ತಿದ್ದ ಮಕ್ಕಳಲ್ಲಿ ಇದನ್ನು ಬಿಡಲೇಬಾರದು. ಆನಂತರ ಬುದ್ಧಿಶಕ್ತಿಯ ಪರೀಕ್ಷೆ ನಡೆಯುತ್ತದೆ. ನಮ್ಮಲ್ಲಿ ಮಾಲಿನ್ ಅವರ ಮಾಪನ, ಬಿನೆ-ಕಾಮತ್ ಪರೀಕ್ಷೆ, ಚಿತ್ರಗಳ ವಿನ್ಯಾಸವನ್ನು ಪೂರ್ಣಗೊಳಿಸುವ ರೇವನ್ ಅವರ ಪರೀಕ್ಷೆ ಮುಂತಾದವು ಬಳಕೆಯಲ್ಲಿವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬುದ್ಧ್ಯಂಕ ಹೆಚ್ಚು, ಓದು ಕಡಿಮೆ, ಇವೆರಡರ ನಡುವಿನ ಅಂತರವೇ ಡಿಸ್ಲೆಕ್ಸಿಯಾ ಎಂಬ ಹಳೆಯ ಸೂತ್ರವನ್ನು ಡಿಎಸ್‌ಎಂ-5 ಕೈಬಿಟ್ಟಿದೆ. ಬುದ್ಧ್ಯಂಕ ಸಾಧಾರಣವಾಗಿರುವ ಮಗುವಿಗೂ, ಅತಿ ಚುರುಕಾದ ಮಗುವಿಗೂ ಓದಿನ ತೊಡಕು ಒಂದೇ ಬಗೆಯದಾಗಿರುತ್ತದೆ. ಈ ಪರೀಕ್ಷೆಯ ಉದ್ದೇಶ ಒಟ್ಟಾರೆ ಬೌದ್ಧಿಕ ನ್ಯೂನತೆ ಇಲ್ಲವೆಂದು ಖಚಿತಪಡಿಸಿಕೊಳ್ಳುವುದಷ್ಟೇ. ನಿಮ್ಮ ಕೈಗೆ ಬಂದ ವರದಿಯಲ್ಲಿ ಬುದ್ಧ್ಯಂಕದ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಕೊಟ್ಟು ಓದಿನ ವಿವರವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದರೆ, ಕೆಲಸ ಅರ್ಧದಲ್ಲೇ ನಿಂತಿದೆ ಎಂದು ತಿಳಿಯಿರಿ.

ಹಂತ 2: ಯಾವುದು ಮೊದಲು ಬಂತು ಎಂಬ ವಿಚಾರಣೆ

ಮನಶ್ಶಾಸ್ತ್ರಜ್ಞರು ಪೋಷಕರೊಡನೆ ಒಂದು ಗಂಟೆಯಷ್ಟಾದರೂ ಮಾತಾಡುತ್ತಾರೆ. ಮಗು ಮಾತು ಕಲಿತದ್ದು ತಡವಾಯಿತೇ, ಪದಗಳೊಳಗಿನ ಧ್ವನಿಗಳನ್ನು ಅದಲುಬದಲು ಮಾಡುತ್ತಿತ್ತೇ, ಬಣ್ಣಗಳ ಅಥವಾ ವಾರದ ದಿನಗಳ ಹೆಸರು ನಾಲಿಗೆಗೆ ಬರಲು ಕಷ್ಟಪಡುತ್ತಿತ್ತೇ, ಮನೆತನದಲ್ಲಿ ಯಾರಿಗಾದರೂ ಓದುಬರಹ ಹತ್ತಲಿಲ್ಲವೇ ಎಂದೆಲ್ಲ ಕೇಳುತ್ತಾರೆ. ಡಿಸ್ಲೆಕ್ಸಿಯಾ ವಂಶವಾಹಿನಿಯಲ್ಲಿ ಹರಿದು ಬರುವುದು ಸಾಮಾನ್ಯವಾದ್ದರಿಂದ ಕೊನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೇಕು. ‘ನಮ್ಮ ಮನೆತನದಲ್ಲಿ ಅಂಥದ್ದೇನೂ ಇಲ್ಲ’ ಎಂದು ಮೊದಲು ಹೇಳಿದ ತಂದೆ, ‘ನಾನು ಏಳನೇ ತರಗತಿಗೇ ಶಾಲೆ ಬಿಟ್ಟೆ, ಓದು ತಲೆಗೆ ಹತ್ತಲಿಲ್ಲ’ ಎಂದು ಮಾತಿನ ಕೊನೆಯಲ್ಲಿ ಹೇಳುವುದು ಅಪರೂಪವಲ್ಲ.

ಆಸಕ್ತಿಯ ಪ್ರಶ್ನೆಗೆ ಅರ್ಧ ಉತ್ತರ ಸಿಗುವುದೂ ಇಲ್ಲಿಯೇ. ಓದಲು ಮನಸ್ಸಿಲ್ಲದಿರುವುದು ತೊಡಕಿನ ಕಾರಣವಾಗಿರಬಹುದು, ಪರಿಣಾಮವೂ ಆಗಿರಬಹುದು. ಕಾಲಾನುಕ್ರಮವನ್ನು ಬಿಡಿಸಿದಾಗ ಇವೆರಡೂ ಬೇರೆಯಾಗಿ ಕಾಣುತ್ತವೆ. ಯುಕೆಜಿಗೆ ಕುಣಿಯುತ್ತ ಹೋಗುತ್ತಿದ್ದ ಮಗು ಒಂದನೇ ತರಗತಿಯ ನಡುವಿನಲ್ಲಿ ಓದಿಸುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಹೇಳತೊಡಗಿದ್ದರೆ, ಮೊದಲು ಸೋಲು ಬಂದು ಆಮೇಲೆ ಬೇಸರ ಬಂದಿದೆ. ಎರಡನೇ ತರಗತಿಯವರೆಗೆ ಸರಾಗವಾಗಿ ಓದುತ್ತಿದ್ದ ಮಗು, ಮನೆಯಲ್ಲಿ ಸಾವು ಅಥವಾ ಜಗಳ ನಡೆದ ವರ್ಷದಿಂದ ಎಲ್ಲ ವಿಷಯಗಳಲ್ಲೂ ಒಮ್ಮೆಗೇ ಹಿಂದೆ ಬಿದ್ದಿದ್ದರೆ ಅದು ಡಿಸ್ಲೆಕ್ಸಿಯಾದ ಚರಿತ್ರೆಯಲ್ಲ. ಬಂದ ಕೌಶಲವನ್ನು ಡಿಸ್ಲೆಕ್ಸಿಯಾ ಕಿತ್ತುಕೊಳ್ಳುವುದಿಲ್ಲ. ಕೌಶಲ ಬರುವುದನ್ನೇ ಅದು ತಡೆಯುತ್ತದೆ.

ಹಂತ 3: ಏನನ್ನು, ಯಾವ ಕ್ರಮದಲ್ಲಿ ಕಲಿಸಲಾಗಿದೆ

ಕಲಿಸದೆ ಇದ್ದದ್ದು ಬರಲಿಲ್ಲವೆಂದು ಮಗುವಿಗೆ ರೋಗದ ಹೆಸರು ಕೊಡುವಂತಿಲ್ಲ. ಆದ್ದರಿಂದ ಜಾಗರೂಕರಾದ ಮನಶ್ಶಾಸ್ತ್ರಜ್ಞರು ಶಾಲೆಗೆ ಪ್ರಶ್ನಾವಳಿ ಕಳುಹಿಸುತ್ತಾರೆ, ಇಲ್ಲವೇ ಶಿಕ್ಷಕರೊಡನೆ ನೇರವಾಗಿ ಮಾತಾಡುತ್ತಾರೆ. ಅವರು ಮುಖ್ಯವಾಗಿ ತಿಳಿಯಬಯಸುವುದು ಅದೇ ಕೊಠಡಿಯಲ್ಲಿ, ಅದೇ ಶಿಕ್ಷಕರಿಂದ ಕಲಿತ ಉಳಿದ ಮಕ್ಕಳು ಹೇಗೆ ಓದುತ್ತಾರೆ ಎಂಬುದನ್ನು. ತರಗತಿಯ ಅರ್ಧದಷ್ಟು ಮಕ್ಕಳು ಓದಲಾರದೆ ಇದ್ದರೆ ಒಂದು ಮಗುವಿನ ಮೆದುಳಿನಲ್ಲಿ ಕಾರಣ ಹುಡುಕುವುದಕ್ಕೆ ಅರ್ಥವಿಲ್ಲ.

ಇಂಗ್ಲಿಷ್ ಮಾಧ್ಯಮದ ಎಷ್ಟೋ ಶಾಲೆಗಳಲ್ಲಿ ಅಕ್ಷರಗಳ ಹೆಸರು ಹೇಳಿಸಿ, ಸ್ಪೆಲ್ಲಿಂಗ್‌ಗಳನ್ನು ಬಾಯಿಪಾಠ ಮಾಡಿಸುತ್ತಾರೆಯೇ ಹೊರತು, ಯಾವ ಅಕ್ಷರ ಯಾವ ಧ್ವನಿಯನ್ನು ಕೊಡುತ್ತದೆ ಎಂಬ ಫೋನಿಕ್ಸ್ ಪಾಠವನ್ನು ಕ್ರಮವಾಗಿ ಮಾಡುವುದಿಲ್ಲ. ನೆನಪಿನ ಶಕ್ತಿ ಚೆನ್ನಾಗಿರುವ ಮಗು ಎರಡನೇ ತರಗತಿಯವರೆಗೆ ಹೇಗೋ ದಾಟುತ್ತದೆ. ಪದಗಳ ಸಂಖ್ಯೆ ನೆನಪನ್ನು ಮೀರಿದೊಡನೆ ನಿಂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಇದು ಡಿಸ್ಲೆಕ್ಸಿಯಾದಂತೆಯೇ ಕಾಣುತ್ತದೆ.

ಕನ್ನಡದ ಬೋಧನೆಯಲ್ಲೂ ಕ್ರಮವನ್ನು ವಿಚಾರಿಸಬೇಕು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ‘ರ, ಗ, ಸ, ದ, ಅ’ ಎಂಬ ಗುಂಪಿನಿಂದ ಕಲಿಕೆ ಆರಂಭವಾಗುತ್ತದೆ. ಆ ಶಾಲೆಯಿಂದ ಬಂದ ಮಗು ‘ಅ ಆ ಇ ಈ’ ಒಪ್ಪಿಸಲು ತಡವರಿಸಿದರೆ ಅದನ್ನು ತೊಡಕಿನ ಲಕ್ಷಣವೆಂದು ಎಣಿಸುವಂತಿಲ್ಲ. ಇದಕ್ಕೆ ವಿರುದ್ಧವಾದದ್ದೂ ನಿಜ. ಕಾಗುಣಿತವನ್ನು ಹಾಡಿನಂತೆ ಒಪ್ಪಿಸುವ ಮಗುವಿಗೆ ‘ಕೂ’ ಎಂಬ ಒಂದೇ ಚೀಟಿ ತೋರಿಸಿದಾಗ ಮನಸ್ಸಿನಲ್ಲಿ ‘ಕ ಕಾ ಕಿ ಕೀ’ಯಿಂದ ಎಣಿಸಿಕೊಂಡು ಬರಬೇಕಾದರೆ, ಅದಕ್ಕೆ ಆ ಅಕ್ಷರ ಇನ್ನೂ ಬಂದಿಲ್ಲ. ಕೋವಿಡ್ ಕಾಲದ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕರ್ನಾಟಕದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ಷರ ಕಲಿಯುವ ವರ್ಷವೇ ಆ ಅಂತರಕ್ಕೆ ಸಿಕ್ಕಿದ ಮಕ್ಕಳ ಚರಿತ್ರೆಯನ್ನು ಬೇರೆಯಾಗಿಯೇ ಓದಬೇಕು.

ಹಂತ 4: ಎರಡೂ ಭಾಷೆಗಳಲ್ಲಿ ಓದಿಸಿ ನೋಡುವುದು

ಇದು ಪರೀಕ್ಷೆಯ ಹೃದಯಭಾಗ. ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷಾಮಾಲೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ಮೊದಲ ಭಾಗ 5ರಿಂದ 7 ವರ್ಷದವರಿಗೆ, ಎರಡನೆಯದು 8ರಿಂದ 12 ವರ್ಷದವರಿಗೆ. ಮಾನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿರುವ ‘ಡಾಲಿ’ ಎಂಬ ಪರೀಕ್ಷಾಮಾಲೆ ಹಿಂದಿ, ಮರಾಠಿ ಮತ್ತು ಇಂಗ್ಲಿಷ್ ಜೊತೆಗೆ ಕನ್ನಡದಲ್ಲಿಯೂ ಇದೆ.

ಎರಡೂ ಭಾಷೆ ಏಕೆಂದರೆ, ಧ್ವನಿಯನ್ನು ಅಕ್ಷರಕ್ಕೆ ಜೋಡಿಸುವ ಮೂಲ ತೊಡಕು ಯಾವ ಲಿಪಿಗೆ ಹೋದರೂ ಮಗುವಿನ ಜೊತೆಗೇ ಬರುತ್ತದೆ. ಬೋಧನೆಯ ದೋಷ ಕಲಿಸಿದ ಆ ಒಂದು ಭಾಷೆಯಲ್ಲೇ ಉಳಿಯುತ್ತದೆ. ಆದರೆ ತೊಡಕು ಕಾಣಿಸಿಕೊಳ್ಳುವ ರೂಪ ಎರಡರಲ್ಲೂ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ಹೊಂದಿಕೆ ಕಡಿಮೆಯಾದ್ದರಿಂದ ತಪ್ಪುಗಳು ಹೆಚ್ಚು. ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ, ಡಿಸ್ಲೆಕ್ಸಿಯಾ ಇರುವ ಮಗು ಸಾಕಷ್ಟು ಕಲಿತ ಮೇಲೆ ಸರಿಯಾಗಿಯೇ ಓದೀತು. ಆದರೆ ಒಂದೊಂದೇ ಅಕ್ಷರವನ್ನು ಕುಟ್ಟುತ್ತ, ಬಹಳ ನಿಧಾನವಾಗಿ ಓದುತ್ತದೆ. ಆದ್ದರಿಂದ ಕನ್ನಡದಲ್ಲಿ ತಪ್ಪುಗಳ ಎಣಿಕೆಯಷ್ಟೇ ಸಾಲದು, ಗಡಿಯಾರವೂ ಬೇಕು. ಇನ್ನೊಂದು ವಿಷಯ: ಮೂಲಾಕ್ಷರ, ಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡದಲ್ಲಿ ಕಲಿಯಬೇಕಾದ ಅಕ್ಷರರೂಪಗಳು ನೂರಾರು. ಸಾಧಾರಣ ಮಕ್ಕಳಿಗೂ ಅವೆಲ್ಲ ಹಿಡಿತಕ್ಕೆ ಬರಲು ನಾಲ್ಕೈದು ವರ್ಷ ಬೇಕಾಗುತ್ತದೆ. ಮೂರನೇ ತರಗತಿಯ ಮಗು ‘ಸೂರ್ಯ’ದ ಅರ್ಕಾವೊತ್ತನ್ನು ತಪ್ಪಾಗಿ ಓದಿ ‘ಸೂಯ್ರ’ ಎಂದರೆ ಗಾಬರಿ ಬೇಡ. ನಾಲ್ಕನೇ ತರಗತಿಯ ಮಗು ‘ಹಾಡು’ ಮತ್ತು ‘ಹಡಗು’ ಪದಗಳ ಬಿಡಿ ಅಕ್ಷರಗಳಿಗೇ ನಿಂತು ಯೋಚಿಸುತ್ತಿದ್ದರೆ ಆಗ ವಿಚಾರಿಸಬೇಕು.

ಓದಿಸುವ ಸಾಮಗ್ರಿಯಲ್ಲಿ ಅತಿ ಮುಖ್ಯವಾದದ್ದು ಅರ್ಥವಿಲ್ಲದ ಪದಗಳು: ‘ಗಿಸುಳ’, ‘ಮೊಟವೆ’, ‘ದಕ್ಲುಮೆ’ ಇಂಥವು. ಪಠ್ಯದ ಪದವನ್ನು ಮಗು ನೆನಪಿನಿಂದಲೋ ಚಿತ್ರ ನೋಡಿಯೋ ಊಹಿಸಬಹುದು. ‘ದಕ್ಲುಮೆ’ಯನ್ನು ಬಿಡಿಸಿ ಓದದೆ ಬೇರೆ ದಾರಿಯಿಲ್ಲ. ಇದರ ಜೊತೆಗೆ ಬರಹವೇ ಇಲ್ಲದ ಎರಡು ಪರೀಕ್ಷೆಗಳಿರುತ್ತವೆ. ಒಂದು ಧ್ವನಿಪ್ರಜ್ಞೆಯದು, ಅಂದರೆ ಪದದೊಳಗಿನ ಧ್ವನಿಗಳನ್ನು ಕಿವಿಯಲ್ಲೇ ಬಿಡಿಸುವ ಶಕ್ತಿ. ‘ಕಮಲ’ದಿಂದ ‘ಮ’ ತೆಗೆದರೆ ಏನು ಉಳಿಯುತ್ತದೆ ಎಂಬುದು ಸುಲಭದ ಪ್ರಶ್ನೆ. ‘ಕಾಲು’ ಪದದ ‘ಕ್’ ತೆಗೆದು ಅಲ್ಲಿ ‘ಹ್’ ಇಟ್ಟರೆ ಏನಾಗುತ್ತದೆ ಎಂಬುದು ಕಷ್ಟದ್ದು. ಇನ್ನೊಂದು, ಪರಿಚಿತ ಚಿತ್ರಗಳ ಸಾಲನ್ನು ಎಷ್ಟು ಬೇಗ ಹೆಸರಿಸುತ್ತದೆ ಎಂಬುದು. ಕೊನೆಗೆ, ಒಂದು ಕಥೆಯನ್ನು ಮಗುವಿಗೆ ಓದಿ ಹೇಳಿ ಪ್ರಶ್ನೆ ಕೇಳುತ್ತಾರೆ, ಅಷ್ಟೇ ಕಷ್ಟದ ಇನ್ನೊಂದು ಕಥೆಯನ್ನು ಮಗುವೇ ಓದಿ ಉತ್ತರಿಸಬೇಕು. ಕೇಳಿದಾಗ ಅರ್ಥವಾಗಿ, ಓದಿದಾಗ ಆಗದಿದ್ದರೆ ತೊಡಕು ಓದಿನಲ್ಲೇ ಇದೆ. ಕೇಳಿದಾಗಲೂ ಅರ್ಥವಾಗದಿದ್ದರೆ ಪ್ರಶ್ನೆ ಭಾಷೆಯದು, ಇಲ್ಲವೇ ಗಮನದ್ದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೆಸರುಗಳೂ ಅಂಕಿಗಳೂ ವಿವರಣೆಗಾಗಿ ನಾನು ಕಟ್ಟಿಕೊಂಡವು. ಕಿರಣ್ ಮತ್ತು ದೀಪಾ ಒಂದೇ ಶಾಲೆಯ ನಾಲ್ಕನೇ ತರಗತಿಯವರು, ಮನೆಮಾತು ಕನ್ನಡ, ಮಾಧ್ಯಮ ಇಂಗ್ಲಿಷ್. ಕಿರಣ್ ತರಗತಿಯಲ್ಲಿ ಗಲಾಟೆ ಮಾಡುವವನು. ಡಿಸ್ಲೆಕ್ಸಿಯಾ ಇರಬಹುದೆಂದು ಶಾಲೆ ಕಳುಹಿಸಿದ್ದು ಅವನನ್ನು. ದೀಪಾ ಸದ್ದಿಲ್ಲದೆ ಕೂರುವವಳು. ಅವಳನ್ನು ಕರೆತಂದದ್ದು ತಾಯಿ. ಇಂಗ್ಲಿಷಿನ 30 ಸಾಮಾನ್ಯ ಪದಗಳಲ್ಲಿ ಇಬ್ಬರೂ 10ನ್ನಷ್ಟೇ ಓದಿದರು, ಅರ್ಥವಿಲ್ಲದ 20 ಇಂಗ್ಲಿಷ್ ಪದಗಳಲ್ಲಿ ಇಬ್ಬರಿಗೂ ಬಂದದ್ದು ಎರಡೇ. ಇಷ್ಟಕ್ಕೇ ನಿಲ್ಲಿಸಿದ್ದರೆ ಇಬ್ಬರಿಗೂ ಒಂದೇ ವರದಿ ಸಿಗುತ್ತಿತ್ತು.

ಕನ್ನಡಕ್ಕೆ ಬಂದಾಗ ಚಿತ್ರ ಬದಲಾಯಿತು. ಗುಣಿತ ಮತ್ತು ಒತ್ತಕ್ಷರಗಳ 60 ಚೀಟಿಗಳಲ್ಲಿ ಕಿರಣ್ 53ನ್ನು ಥಟ್ಟನೆ ಹೇಳಿದ, ಅರ್ಥವಿಲ್ಲದ 10 ಪದಗಳಲ್ಲಿ 8ನ್ನು ಓದಿದ. ‘ಕಾಲು’ ‘ಹಾಲು’ ಆಗುವುದು ಅವನಿಗೆ ಆಟವಾಗಿತ್ತು. ದೀಪಾ 34 ಚೀಟಿಗಳನ್ನು ಗುರುತಿಸಿದಳು, ಅರ್ಥವಿಲ್ಲದ ಪದಗಳಲ್ಲಿ ಮೂರು ಸರಿಯಾದವು. ‘ಪುಸ್ತಕ’ವನ್ನು ‘ಪುತಕ’ ಎಂದು ಓದಿ, ತಪ್ಪಿರಬಹುದೆಂದು ತಾನೇ ಹಿಂದಕ್ಕೆ ಹೋಗಿ, ಮತ್ತೆ ‘ಪು... ತ... ಸಕ’ ಎಂದಳು. ಚಿತ್ರಗಳನ್ನು ಹೆಸರಿಸಲು ಕಿರಣ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಸಮಯ ತೆಗೆದುಕೊಂಡಳು. ಆದರೆ ಓದಿ ಹೇಳಿದ ಕಥೆಯ 10 ಪ್ರಶ್ನೆಗಳಲ್ಲಿ 9ಕ್ಕೆ ಸರಿಯಾದ ಉತ್ತರ ಕೊಟ್ಟಳು; ತಾನೇ ಓದಿದ ಕಥೆಯಲ್ಲಿ 3ಕ್ಕೆ ಮಾತ್ರ.

ಈ ಹಂತದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಎಡವುವುದು ಆಡುಮಾತಿನ ವಿಷಯದಲ್ಲಿ. ಮನೆಯಲ್ಲಿ ‘ಆಲು’, ‘ಅಕ್ಕಿ ಗೂಡು’ ಎಂದು ಆಡುವ ಸೀಮೆಯ ಮಗು ‘ಹಾಲು’, ‘ಹಕ್ಕಿ’ಗಳನ್ನು ಹಾಗೆಯೇ ಬರೆಯುತ್ತದೆ. ‘ಭಾರತ’ವನ್ನು ‘ಬಾರತ’ ಎಂದು ಬರೆಯುವ ಮಕ್ಕಳಂತೂ ಎಲ್ಲೆಡೆಯೂ ಇದ್ದಾರೆ. ಇವು ಕಿವಿ ಕೇಳಿದ್ದನ್ನು ನಿಷ್ಠೆಯಿಂದ ಬರೆದ ತಪ್ಪುಗಳು, ಅಂದರೆ ಧ್ವನಿಯಿಂದ ಅಕ್ಷರಕ್ಕೆ ಹೋಗುವ ದಾರಿ ಚೆನ್ನಾಗಿಯೇ ಇದೆ ಎನ್ನುವುದಕ್ಕೆ ಸಾಕ್ಷಿ. ದೀಪಾಳ ಉಕ್ತಲೇಖನದಲ್ಲಿ ಅಂಥ ಕ್ರಮವಿರಲಿಲ್ಲ. ಒಂದೇ ಪುಟದಲ್ಲಿ ‘ಹುಲ್ಲು’ ಒಮ್ಮೆ ‘ಹುಲು’ ಆಗಿತ್ತು, ಇನ್ನೊಮ್ಮೆ ‘ಹುಲ್ಲಲು’, ಮತ್ತೊಮ್ಮೆ ‘ಹಲ್ಲು’. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದೇ ಡಿಸ್ಲೆಕ್ಸಿಯಾದ ಗುರುತು ಎಂಬ ನಂಬಿಕೆಯನ್ನೂ ಬಿಡಿ. ಕಲಿಯುವ ಆರಂಭದಲ್ಲಿ ಬಹಳಷ್ಟು ಮಕ್ಕಳು ಹಾಗೆ ಬರೆಯುತ್ತಾರೆ, ಡಿಸ್ಲೆಕ್ಸಿಯಾ ಇರುವ ಎಷ್ಟೋ ಮಕ್ಕಳು ಬರೆಯುವುದೇ ಇಲ್ಲ.

ಹಂತ 5: ಪ್ರಯತ್ನವನ್ನು ಅಳೆಯುವುದು

ಆಸಕ್ತಿಯ ಕೊರತೆಯನ್ನು ಗುರುತಿಸಲು ಪ್ರತ್ಯೇಕ ಪರೀಕ್ಷೆಗಿಂತ, ಪರೀಕ್ಷೆಯ ಹೊತ್ತಿನ ನಡವಳಿಕೆಯೇ ಹೆಚ್ಚು ಹೇಳುತ್ತದೆ. ಪ್ರಯತ್ನ ಪಡದ ಮಗುವಿನ ಅಂಕಗಳಲ್ಲಿ ಒಂದು ವಿಚಿತ್ರವಿರುತ್ತದೆ: ಸುಲಭದ ಪ್ರಶ್ನೆ ತಪ್ಪಾಗಿ, ಕಷ್ಟದ್ದು ಸರಿಯಾಗುತ್ತದೆ. ಬೆಳಿಗ್ಗೆ ಬಂದದ್ದು ಮಧ್ಯಾಹ್ನ ಬರುವುದಿಲ್ಲ. ಪ್ರಶ್ನೆ ಮುಗಿಯುವ ಮುನ್ನವೇ ‘ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಆದ್ದರಿಂದ ಮನಶ್ಶಾಸ್ತ್ರಜ್ಞರು ಅದೇ ಮಟ್ಟದ ಪದಪಟ್ಟಿಯನ್ನು ಬೇರೊಂದು ದಿನ, ಒಂದು ಸಣ್ಣ ಬಹುಮಾನವನ್ನು ಎದುರಿಗಿಟ್ಟು ಮತ್ತೊಮ್ಮೆ ಓದಿಸುತ್ತಾರೆ. ಬಹುಮಾನದಿಂದ ಅಂಕ ಗಣನೀಯವಾಗಿ ಏರಿದರೆ ಕೌಶಲ ಇತ್ತು, ಹೊರಬರಲಿಲ್ಲ ಎಂದರ್ಥ. ಏರದಿದ್ದರೆ ಬಾರದ್ದನ್ನು ಚಾಕೊಲೇಟ್ ಬರಿಸಲಿಲ್ಲ.

ತೊಡಕು ಓದಿಗೆ ಸೀಮಿತವೇ ಎಂಬುದನ್ನೂ ನೋಡುತ್ತಾರೆ. ಬಾಯಿಲೆಕ್ಕ, ಚಿತ್ರ, ಆಟ, ಕಥೆ ಕೇಳುವುದು ಎಲ್ಲದರಲ್ಲೂ ಬೇಗ ಕೈಚೆಲ್ಲುವ ಮಗುವಿನಲ್ಲಿ ಖಿನ್ನತೆ, ಆತಂಕ ಅಥವಾ ಗಮನದ ತೊಡಕನ್ನು ಹುಡುಕಬೇಕು. ಬೇರೆಲ್ಲದರಲ್ಲೂ ಹುರುಪಿನಿಂದಿದ್ದು ಪುಸ್ತಕ ತೆರೆದೊಡನೆ ಬಾಡುವ ಮಗುವಿನ ವಿಷಯ ಬೇರೆ. ಗಮನದ ತೊಡಕಾದ ಎಡಿಎಚ್‌ಡಿ ಡಿಸ್ಲೆಕ್ಸಿಯಾದೊಡನೆ ಕೂಡಿ ಬರುವುದು ಸಾಮಾನ್ಯವಾದ್ದರಿಂದ, ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡುವಂತಿಲ್ಲ. ಕಿರಣ್‌ನ ಗಲಾಟೆಯನ್ನು ಶಿಕ್ಷಕರ ಪ್ರಶ್ನಾವಳಿಯಲ್ಲಿ ಪರಿಶೀಲಿಸಿದಾಗ ಅದು ಇಂಗ್ಲಿಷ್ ಮತ್ತು ಪರಿಸರ ಅಧ್ಯಯನದ ಅವಧಿಗಳಿಗೆ ಸೀಮಿತವಾಗಿತ್ತು, ಕನ್ನಡದ ಅವಧಿಯಲ್ಲಿ ಇರಲಿಲ್ಲ. ಅರ್ಥವಾಗದ ಪಾಠದಲ್ಲಿ ಕೂರಲಾರದ ಹುಡುಗ ಅವನು.

ಹಂತ 6: ಕಲಿಸಿ ನೋಡುವುದು

ದೀಪಾಳ ಬಗ್ಗೆ ಈಗಲೇ ತೀರ್ಮಾನಿಸಬಹುದಲ್ಲ ಎಂದು ನಿಮಗೆ ಅನ್ನಿಸೀತು. ಆದರೆ ಅವಳ ಹಾಜರಾತಿಯಲ್ಲಿ ಒಂದು ತೊಡಕಿತ್ತು: ತಂದೆಯ ಕೆಲಸದಿಂದಾಗಿ ಊರು ಬದಲಿಸಿದ ಕಾರಣ ಒಂದನೇ ತರಗತಿಯ ಅರ್ಧ ವರ್ಷ ಅವಳು ಶಾಲೆಯಲ್ಲೇ ಇರಲಿಲ್ಲ. ಮೂಲಾಕ್ಷರ ಕಲಿಸುವ ತಿಂಗಳುಗಳೇ ತಪ್ಪಿಹೋಗಿದ್ದರೆ 34 ಚೀಟಿಗಳ ಅಂಕಕ್ಕೆ ಬೇರೆ ವಿವರಣೆಯೇ ಬೇಕಿಲ್ಲ. ಇಂಥ ಸಂದೇಹವನ್ನು ಯಾವ ಪರೀಕ್ಷೆಯೂ ಬಿಡಿಸುವುದಿಲ್ಲ. ತಪ್ಪಿಹೋದದ್ದನ್ನು ಕ್ರಮವಾಗಿ ಕಲಿಸಿ ಏನಾಗುತ್ತದೆಂದು ನೋಡಬೇಕು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ವಿಶ್ವಾಸಾರ್ಹವಾದ ಹಂತ ಇದು. ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಹಂತವೂ ಇದೇ.

ವಿಶೇಷ ಶಿಕ್ಷಕರೊಬ್ಬರು ವಾರಕ್ಕೆ 5 ದಿನ, ದಿನಕ್ಕೆ 40 ನಿಮಿಷದಂತೆ 12 ವಾರ ಕಲಿಸುತ್ತಾರೆ ಎಂದುಕೊಳ್ಳಿ. ಮನೆಪಾಠದಲ್ಲಿ ಶಾಲೆಯ ಹೋಂವರ್ಕ್ ಮುಗಿಸುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಕೆಲವೇ ಅಕ್ಷರಗಳನ್ನು ತೆಗೆದುಕೊಂಡು, ಧ್ವನಿ ಕೇಳಿಸಿ, ರೂಪ ತೋರಿಸಿ, ಬರೆಸಿ, ಆ ಅಕ್ಷರಗಳಷ್ಟೇ ಇರುವ ಪದಗಳನ್ನು ಓದಿಸಿ, ಹಳೆಯದನ್ನು ದಿನವೂ ಮರುಕಳಿಸುತ್ತ ಮುಂದುವರಿಯುವ ಪಾಠ ಅದು. ವಾರಕ್ಕೊಮ್ಮೆ, ಮಗು ಎಂದೂ ನೋಡದ ಒಂದು ಸಣ್ಣ ಭಾಗವನ್ನು ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸಿ ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತಾರೆ. ನೋಡಿದ ಪಾಠವನ್ನೇ ಮತ್ತೆ ಓದಿಸಿದರೆ ಈ ಲೆಕ್ಕ ಹಾಳಾಗುತ್ತದೆ. ಮೂರು ಸಲ ಕೇಳಿದ ಪಾಠವನ್ನು ಪುಸ್ತಕ ತಲೆಕೆಳಗಾಗಿ ಹಿಡಿದೂ ಒಪ್ಪಿಸುವ ಮಕ್ಕಳಿದ್ದಾರೆ.

ಕಿರಣ್‌ಗೆ ಇದೇ ಕ್ರಮದಲ್ಲಿ ಇಂಗ್ಲಿಷ್ ಫೋನಿಕ್ಸ್ ಕಲಿಸಲಾಯಿತು. 12 ವಾರಗಳ ಕೊನೆಗೆ ಅರ್ಥವಿಲ್ಲದ 20 ಪದಗಳಲ್ಲಿ 17ನ್ನು ಓದಿದ, 30 ಸಾಮಾನ್ಯ ಪದಗಳಲ್ಲಿ 24 ಬಂದವು. ಅವನ ಗ್ರಾಫ್ ಐದನೇ ವಾರದಿಂದ ಕಡಿದಾಗಿ ಏರಿತ್ತು. ಕನ್ನಡದ ಓದು ಸರಿಯಿದ್ದು, ಕಲಿಸಿದೊಡನೆ ಇಂಗ್ಲಿಷ್ ಕೂಡ ಬಂದದ್ದರಿಂದ ಅವನ ತೊಡಕಿಗೆ ಕಾರಣ ಬೋಧನೆಯ ಕೊರತೆ ಎಂದು ಮನಶ್ಶಾಸ್ತ್ರಜ್ಞರು ಬರೆದರು.

ದೀಪಾಳಿಗೆ ಕನ್ನಡದಲ್ಲಿ ಕಲಿಸಲಾಯಿತು. ಗುರುತಿಸುವ ಚೀಟಿಗಳು 34ರಿಂದ 49ಕ್ಕೆ ಏರಿದವು, ಅಂದರೆ ಅವಳು ಕಲಿತಳು. ಇಲ್ಲಿಗೇ ನಿಲ್ಲಿಸಿ ‘ಸುಧಾರಿಸಿದಳು, ಆದ್ದರಿಂದ ಡಿಸ್ಲೆಕ್ಸಿಯಾ ಅಲ್ಲ’ ಎನ್ನುವುದು ದೊಡ್ಡ ತಪ್ಪು, ಏಕೆಂದರೆ ಡಿಸ್ಲೆಕ್ಸಿಯಾ ಇರುವ ಮಕ್ಕಳೂ ಒಳ್ಳೆಯ ಬೋಧನೆಯಿಂದ ಸುಧಾರಿಸುತ್ತಾರೆ. ನೋಡಬೇಕಾದದ್ದು ವೇಗವನ್ನು ಮತ್ತು ಹೊಸ ಪದದ ಮೇಲಿನ ಹಿಡಿತವನ್ನು. ನಿಮಿಷಕ್ಕೆ 11 ಪದ ಓದುತ್ತಿದ್ದವಳು 16ಕ್ಕೆ ಬಂದಿದ್ದಳು. ಅದೇ ತರಗತಿಯ ಸಾಧಾರಣ ಮಕ್ಕಳು 50ರ ಆಸುಪಾಸಿನಲ್ಲಿದ್ದರು. ಅರ್ಥವಿಲ್ಲದ 10 ಪದಗಳಲ್ಲಿ 3 ಬರುತ್ತಿದ್ದದ್ದು 5 ಆಗಿತ್ತು. ಅಕ್ಷರಗಳು ಬಂದಿದ್ದರೂ ಅವುಗಳನ್ನು ಕೂಡಿಸಿ ಸರಾಗವಾಗಿ ಓದುವುದು ಬಂದಿರಲಿಲ್ಲ. ಬರೀ ಪಾಠ ತಪ್ಪಿದ ಮಗುವಿನಲ್ಲಿ ಅಕ್ಷರ ಬಂದ ಹಿಂದೆಯೇ ವೇಗವೂ ಬರಬೇಕಿತ್ತು. ಆದರೂ 6 ತಿಂಗಳ ಷರತ್ತಿಗಾಗಿ ಇನ್ನೂ 14 ವಾರ ಕಲಿಸಿ, ಅಂತರ ಹಾಗೆಯೇ ಉಳಿದದ್ದನ್ನು ನೋಡಿ, ಧ್ವನಿಪ್ರಜ್ಞೆ ಮತ್ತು ಹೆಸರಿಸುವ ವೇಗದ ಅಂಕಗಳನ್ನೂ ಮುಂದಿಟ್ಟುಕೊಂಡ ಮೇಲೆಯೇ ಡಿಸ್ಲೆಕ್ಸಿಯಾ ಎಂದು ಬರೆಯಲಾಯಿತು.

ಅವಳಿಗೆ ಇಂಗ್ಲಿಷ್ ಫೋನಿಕ್ಸ್ ಕೂಡ ಯಾರೂ ಕಲಿಸಿರಲಿಲ್ಲ ಎಂಬುದನ್ನು ಮರೆಯಬೇಡಿ. ಕಳಪೆ ಬೋಧನೆ ಮತ್ತು ಡಿಸ್ಲೆಕ್ಸಿಯಾ ಒಂದೇ ಮಗುವಿನಲ್ಲಿ ಇರಬಹುದು, ಅದರ ಮೇಲೆ ಬೇಸರವೂ ಸೇರಿರಬಹುದು. ಅಂಥ ಸಂದರ್ಭದಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ವರದಿ ಬಿಡಿಸಿ ಹೇಳಬೇಕು.

ಹಂತ 7: ವರದಿಯನ್ನು ಓದುವುದು

ವರದಿ ಕೈಗೆ ಬಂದಾಗ ನಾಲ್ಕು ವಿಷಯಗಳನ್ನು ಹುಡುಕಿ: ಯಾವ ಯಾವ ಭಾಷೆಯಲ್ಲಿ ಓದಿಸಿದರು, ತಪ್ಪುಗಳ ನಿಜವಾದ ಮಾದರಿಗಳು, ಕಲಿಸಿ ನೋಡಿದ ಅವಧಿಯ ದಾಖಲೆ, ಮತ್ತು ಪಕ್ಕಕ್ಕಿಟ್ಟ ಪ್ರತಿಯೊಂದು ಸಾಧ್ಯತೆಗೂ ಕೊಟ್ಟ ಕಾರಣ. ಒಂದೇ ದಿನದಲ್ಲಿ ಪರೀಕ್ಷಿಸಿ ಅಂದೇ ಸಂಜೆ ಕೊಟ್ಟ ವರದಿಯಲ್ಲಿ ಮೂರನೆಯದು ಇರಲು ಸಾಧ್ಯವೇ ಇಲ್ಲ. ಅಂಥದ್ದನ್ನು ತಾತ್ಕಾಲಿಕ ಅಭಿಪ್ರಾಯವೆಂದು ಇಟ್ಟುಕೊಂಡು ಕಲಿಕೆಯನ್ನು ಆರಂಭಿಸಿ, ಆರು ತಿಂಗಳ ನಂತರ ಮರುಪರೀಕ್ಷೆ ಕೇಳಿ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ, ನೆನಪಿನ ಶಕ್ತಿಯ ಟಾನಿಕ್‌ಗಳನ್ನು ಸೂಚಿಸುವ ವರದಿಯನ್ನು ಇನ್ನೊಬ್ಬರಿಗೆ ತೋರಿಸದೆ ಒಪ್ಪಿಕೊಳ್ಳಬೇಡಿ. ಡಿಸ್ಲೆಕ್ಸಿಯಾಗೆ ಇವುಗಳಿಂದ ಪ್ರಯೋಜನವಾಗುವುದಕ್ಕೆ ಭರವಸೆಯಿಡಬಹುದಾದ ಪುರಾವೆ ಇಲ್ಲ.

ಖಾಸಗಿ ವರದಿ ಬೇರೆ, ಸರ್ಕಾರದ ಪ್ರಮಾಣಪತ್ರ ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾಣಪತ್ರವನ್ನು ಅಧಿಕೃತ ವೈದ್ಯಕೀಯ ಪ್ರಾಧಿಕಾರವೇ ಕೊಡಬೇಕು, ಅದೂ ಮಗುವಿಗೆ 8 ವರ್ಷ ತುಂಬಿದ ಮೇಲೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ಮುಂತಾದ ರಿಯಾಯಿತಿಗಳಿಗೆ ಕೇಳುವುದು ಅದನ್ನೇ. ಆದ್ದರಿಂದ ಹತ್ತನೇ ತರಗತಿಯ ಅರ್ಜಿ ತುಂಬುವ ತಿಂಗಳಿನವರೆಗೆ ಕಾಯದೆ, ಎಂಟನೇ ತರಗತಿಯಲ್ಲೇ ಹಳೆಯ ವರದಿ, ಕಲಿಸಿ ನೋಡಿದ ದಾಖಲೆ ಮತ್ತು ಉಕ್ತಲೇಖನದ ಪುಟಗಳೊಡನೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.